ಬೋರು, ದಾರಿ, ವಾಟ್ನಿ: ಯಾವ ತಂಟೆಗೆ ಯಾವ ಬಗೆಯ ಮಧ್ಯಸ್ಥಿಕೆ?

ಪ್ರಶ್ನೆ: ಜಮಖಂಡಿ ತಾಲ್ಲೂಕಿನಾಗ ನಮ್ಮ ಕಬ್ಬಿನ ಹೊಲ ಐತಿ. 1998ರಾಗ ಅಪ್ಪ ವಾಟ್ನಿ ಮಾಡಿ ಪತ್ರ ಬರೆಸಿದ, ನೋಂದಣಿ ಆಗಿಲ್ಲ, ಆದ್ರ ಉತಾರ ಬ್ಯಾರೆ ಬ್ಯಾರೆ ಆಗ್ಯಾವ. ಅಣ್ಣಗ 4 ಎಕರೆ 10 ಗುಂಟೆ, ನನಗ 3 ಎಕರೆ 10 ಗುಂಟೆ. ಬೋರು, ದಾರಿ ಎರಡೂ ಅಣ್ಣನ ಪಾಲಿನಾಗ ಬರ್ತಾವ. ಎರಡು ವರ್ಷದಿಂದ ನೀರೂ ಬಿಡವಲ್ಲ, ಟ್ರ್ಯಾಕ್ಟರೂ ಬಿಡವಲ್ಲ. ದಾವಾ ಹಾಕೀನಿ, ಕೋರ್ಟ್ ಮಧ್ಯಸ್ಥಿಕೆಗೆ ಕಳಿಸೈತಿ. ಮೊದಲ ದಿನ ಅವರು ಬರೇ ಪ್ರಶ್ನೆ ಕೇಳಿದ್ರು, ಯಾರದು ಖರೆ ಅಂತ ಹೇಳಲೇ ಇಲ್ಲ. ಬೆಳಗಾವಿಯ ಗೆಳೆಯನ ಫೌಂಡ್ರಿ ತಂಟೆಯಾಗ ಮಾತ್ರ "ನಿಮಗ ಇಷ್ಟ ಸಿಗತೈತಿ" ಅಂತ ಮುಖದ ಮ್ಯಾಲೆ ಹೇಳಿದ್ರಂತ. ಸಂಬಂಧ ಸರಿ ಮಾಡೋ ಮೂರನೇ ಬಗೆನೂ ಐತಿ ಅಂತಾರ. ನಮಗ ಯಾವುದು ಬೇಕು? (ಅಕ್ಕನ್ನ ಅಥಣಿಗೆ ಕೊಟ್ಟೀವಿ, ಆಕಿ ದಾವಾದಾಗ ಇಲ್ಲ.)

ಉತ್ತರ: ನಿಮ್ಮ ತಂಟೆಯ ಬಹುಪಾಲಿಗೆ ಮೊದಲ ದಿನ ನೀವು ಕಂಡ ಬಗೆಯೇ ಸರಿ. ಒಂದು ಗಂಟಿಗೆ ಮಾತ್ರ ನಿಮ್ಮ ಗೆಳೆಯ ಕಂಡ ಬಗೆ ಬೇಕಾಗುತ್ತದೆ, ಅದೂ ಕೊನೆಯಲ್ಲಿ. ಆ ಗಂಟು ನೀರಿನದೂ ಅಲ್ಲ, ದಾರಿಯದೂ ಅಲ್ಲ. ನೀವು ಕಂಸದೊಳಗೆ ಬರೆದು ಮುಂದೆ ಹೋದ ಅಕ್ಕನದು.

ಮೂರು ಬಗೆಗಳ ಹೆಸರು ಮೊದಲು ತಿಳಿದುಕೊಳ್ಳಿ. ಮಾತುಕತೆಗೆ ದಾರಿ ಮಾಡಿಕೊಟ್ಟು, ತೀರ್ಮಾನವನ್ನು ಪೂರ್ತಿ ನಿಮಗೇ ಬಿಡುವುದು ಫೆಸಿಲಿಟೇಟಿವ್. ಕಾಗದ ನೋಡಿ, ಕಾನೂನು ತೂಗಿ, ಕೋರ್ಟಿನಲ್ಲಿ ಏನಾಗಬಹುದೆಂದು ಅಂದಾಜು ಹೇಳುವುದು ಇವ್ಯಾಲ್ಯುಯೇಟಿವ್. ರಾಜಿಯ ಗುರಿಯನ್ನೇ ಬದಿಗಿಟ್ಟು, ಇಬ್ಬರೂ ಪರಸ್ಪರ ಮಾತಾಡುವ ರೀತಿ ಬದಲಾಗಲಿ ಎಂದು ಕೂರುವುದು ಟ್ರಾನ್ಸ್‌ಫರ್ಮೇಟಿವ್. ಮೊದಲೆರಡನ್ನು ಒಂದೇ ಗೆರೆಯ ಎರಡು ತುದಿಗಳೆಂದು 1994ರಲ್ಲಿ ನಕ್ಷೆ ಹಾಕಿ ತೋರಿಸಿದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಲೆನಾರ್ಡ್ ರಿಸ್ಕಿನ್. ಅದೇ ವರ್ಷ ರಾಬರ್ಟ್ ಬುಷ್ ಮತ್ತು ಜೋಸೆಫ್ ಫೋಲ್ಗರ್ ಮೂರನೆಯದನ್ನು ಮುಂದಿಟ್ಟರು. ಗೆರೆ ಎಂಬ ಮಾತು ಮುಖ್ಯ. ಒಬ್ಬರೇ ಮಧ್ಯಸ್ಥಿಕೆಗಾರರು ಒಂದೇ ಬೈಠಕ್ಕಿನಲ್ಲಿ ಆ ತುದಿಯಿಂದ ಈ ತುದಿಗೆ ಸರಿಯಬಲ್ಲರು. ತೊಡಕಾಗುವುದು ಸರಿಯುವುದರಿಂದಲ್ಲ, ಹೊತ್ತು ನೋಡದೆ ಸರಿಯುವುದರಿಂದ.

ಮೊದಲು ಗೆಳೆಯನ ಕಡೆಯ ತಂಟೆ ನೋಡೋಣ, ಅದು ಸರಳ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಮೇಲಿಂದ ಮೇಲೆ ಬರುವಂಥ ಒಂದು ಲೆಕ್ಕ ಹಿಡಿಯಿರಿ. ಫೌಂಡ್ರಿಯವರು ₹850ರಂತೆ 2,400 ಕಾಸ್ಟಿಂಗ್ ಕೊಟ್ಟಿದ್ದಾರೆ. ಮಷೀನಿಂಗ್ ಮಾಡುವಾಗ 400ರಲ್ಲಿ ಒಳಗಿನ ಗಾಳಿತೂತು, ಅಂದರೆ ಬ್ಲೋಹೋಲ್ ಕಂಡಿದೆ. ಕೊಂಡವರು ಮಾಲಿನ ಬೆಲೆಯ ಜೊತೆ ತಲಾ ₹300 ಮಷೀನಿಂಗ್ ಖರ್ಚನ್ನೂ ಸೇರಿಸಿ, ಒಟ್ಟು ₹4,60,000 ಬಿಲ್ಲಿನಲ್ಲಿ ಹಿಡಿದಿಟ್ಟಿದ್ದಾರೆ. 400ರಲ್ಲಿ 150ರ ಬಗ್ಗೆ ಹದಿನೈದು ದಿನದೊಳಗೆ ಬರಹದಲ್ಲಿ ತಕರಾರು ಹೋಗಿದೆ, ಉಳಿದ 250ರದು ನಲವತ್ತು ದಿನಗಳ ಮೇಲೆ.

ಇಲ್ಲಿ ಇಬ್ಬರಿಗೂ ಬೇಕಿರುವುದು ಒಂದು ಆಕಡಾ. ಭಾವನೆ ಬಿಡಿಸಿ ನೋಡುವಂಥದ್ದು ಏನಿಲ್ಲ. ಅನುಭವಿ ಮಧ್ಯಸ್ಥಿಕೆಗಾರರು ಪರ್ಚೇಸ್ ಆರ್ಡರ್, ಚಲನ್, ರಿಜೆಕ್ಷನ್ ಪತ್ರ ತರಿಸಿಕೊಂಡು ಹೀಗೆ ತೂಗುತ್ತಾರೆ. 150ರ ಮಟ್ಟಿಗೆ ಕೊಂಡವರ ಕೈ ಮೇಲು, ಆ ₹1,72,500 ಫೌಂಡ್ರಿಗೆ ಬರುವುದು ಕಷ್ಟ. ಉಳಿದ 250ರದು ₹2,87,500. ಸರಕು ಮಾರಾಟ ಕಾಯ್ದೆಯ ಪ್ರಕಾರ ವಾಜಿಬಿ ಅವಧಿ ದಾಟಿದರೂ ಬೇಡವೆನ್ನದ ಮಾಲನ್ನು ಒಪ್ಪಿಕೊಂಡಂತೆ. ಆದರೆ ಒಳಗಿನ ಬ್ಲೋಹೋಲ್ ಕೊರೆಯುವವರೆಗೆ ಕಾಣುವುದಿಲ್ಲ, ಒಪ್ಪಿಕೊಂಡ ಮಾಲಿನ ದೋಷಕ್ಕೂ ಬೆಲೆ ಇಳಿಸಿ ಕೇಳಲು ಬರುತ್ತದೆ. ಅಂದರೆ ಅರ್ಧಕ್ಕರ್ಧ ಸಂಭವ, ಸುಮಾರು ₹1,44,000. ಫೌಂಡ್ರಿ ಸಣ್ಣ ಉದ್ಯಮವಾಗಿ ನೋಂದಣಿಯಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದು ಕೊಂಡವರ ಮೇಲಿನ ಒತ್ತಡ. ಎಲ್ಲ ಸೇರಿಸಿ "ಫೌಂಡ್ರಿಗೆ ಒಂದೂವರೆಯಿಂದ ಎರಡು ಲಕ್ಷದ ನಡುವೆ ಬರುವಂತೆ ಮುಗಿಸಿಕೊಳ್ಳಿ" ಎಂದರೆ ಅದು ಒರಟುತನವಲ್ಲ, ಅವರು ಮಾಡಬೇಕಾದ ಕೆಲಸವೇ ಅದು. ವಿಮೆ ಕ್ಲೇಮು, ಗುತ್ತಿಗೆದಾರರ ಬಿಲ್ಲು, ಅಪಘಾತ ಪರಿಹಾರ, ಬಾಕಿ ವಸೂಲಿ, ಇಂಥವಕ್ಕೆಲ್ಲ ಈ ಬಗೆ ಹೊಂದುತ್ತದೆ. ದಾಖಲೆ ಇದೆ, ಹಣದಲ್ಲಿ ಅಳೆಯಲು ಬರುತ್ತದೆ, ಇಬ್ಬರ ಕಡೆಯೂ ವಕೀಲರಿದ್ದಾರೆ, ನಾಳೆ ಮುಖ ನೋಡದಿದ್ದರೂ ನಡೆಯುತ್ತದೆ.

ಇದು ಕೆಡುವುದೂ ಒಂದು ರೀತಿಯಲ್ಲೇ. ಅಂದಾಜನ್ನು ಇಬ್ಬರಿಗೂ ಒಂದೇ ರೀತಿ ಹೇಳಬೇಕು. ಫೌಂಡ್ರಿಯವರನ್ನು ಪ್ರತ್ಯೇಕ ಕರೆದು "ನಿಮ್ಮ ಕೇಸ್ ಸಡಿಲ" ಎಂದು, ಕೊಂಡವರನ್ನೂ ಕರೆದು "ನಿಮ್ಮದೇ ಸಡಿಲ" ಎಂದು ಬೇರೆ ಬೇರೆ ಅಂಕಿ ಹೇಳಿದರೆ, ಸಂಜೆ ಇಬ್ಬರ ವಕೀಲರು ಚಹಾದ ಅಂಗಡಿಯಲ್ಲಿ ಸೇರಿದಾಗ ಬಯಲಾಗುತ್ತದೆ. ಅಲ್ಲಿಗೆ ಮುಗಿಯಿತು.

ಈಗ ಇದೇ ಕತ್ತರಿಯನ್ನು ನಿಮ್ಮ ತಂಟೆಗೆ ಹಾಕಿ ನೋಡಿ. ಮೊದಲ ದಿನವೇ ಅವರು "ತಮ್ಮನಿಗೆ ಬೇರೆ ದಾರಿಯೇ ಇಲ್ಲವೆಂದ ಮೇಲೆ ಇದು ಅವಶ್ಯಕತೆಯ ಅನುಭೋಗದ ಹಕ್ಕು, ನೀವು ತಡೆಯಲು ಬರುವುದಿಲ್ಲ" ಎಂದು ಅಣ್ಣನಿಗೆ ಹೇಳಿದ್ದರೆ ಮಾತು ತಪ್ಪಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯಲ್ಲಿ ಆ ಹಕ್ಕು ಇದೆ. ಆದರೆ ಅಣ್ಣ ಎದ್ದು "ಹಂಗಾದ್ರ ಕೋರ್ಟೇ ಹೇಳ್ಲಿ" ಎಂದು ಹೊರಡುತ್ತಾರೆ. ನೀವೂ ಗೆದ್ದೆನೆಂಬ ಉಮೇದಿನಲ್ಲಿ ನೀರಿನ ವಿಷಯದಲ್ಲಿ ಒಂದಿಂಚೂ ಬಿಡುವುದಿಲ್ಲ. ಒಮ್ಮೆ ಅಭಿಪ್ರಾಯ ಹೇಳಿದವರು ಮತ್ತೆ ನಡುವೆ ನಿಂತವರಾಗಲಾರರು. ಫೆಸಿಲಿಟೇಟಿವ್‌ನಿಂದ ಇವ್ಯಾಲ್ಯುಯೇಟಿವ್‌ಗೆ ಹೋಗಲು ದಾರಿಯಿದೆ, ಹಿಂದೆ ಬರಲು ಇಲ್ಲ. ಹಾಗಾಗಿ ನಿಮ್ಮ ಮಧ್ಯಸ್ಥಿಕೆಗಾರರು "ಯಾರದು ಖರೆ" ಎಂದು ಹೇಳದೆ ಇದ್ದದ್ದು ಅಸಡ್ಡೆಯಿಂದಲ್ಲ. ಕೋರ್ಟಿಗೆ ಹೊಂದಿಕೊಂಡ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕೂರುವವರಿಗೆ ಕೊಡುವ 40 ತಾಸಿನ ತರಬೇತಿಯೇ ಫೆಸಿಲಿಟೇಟಿವ್ ದಾರಿಯದು.

ಬರೇ ಪ್ರಶ್ನೆಯಿಂದ ಏನಾಗುತ್ತದೆ ಎಂದಿರಾ? ಮುಂದಿನ ಬೈಠಕ್ಕಿನಲ್ಲಿ ಕಣ್ಣಿಟ್ಟು ನೋಡಿ. ಅಣ್ಣ "ಬೋರು ನಂದು" ಎನ್ನುತ್ತಾರೆ, ನೀವು "ಅಪ್ಪ ಹೊಡೆಸಿದ್ದು" ಎನ್ನುತ್ತೀರಿ. ಇವು ನಿಲುವುಗಳು. ಮಧ್ಯಸ್ಥಿಕೆಗಾರರು ಅದರ ಮೇಲೆ ವಾದಿಸದೆ "ಎರಡು ವರ್ಷದ ಹಿಂದೆ ಏನಾಯ್ತು? ಅಲ್ಲಿತನಕ ಬಿಡ್ತಿದ್ದಿರಲ್ಲ" ಎಂದು ಕೇಳುತ್ತಾರೆ. ಇಂಥ ತಂಟೆಗಳಲ್ಲಿ ಅದಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಮೋಟಾರು ಸುಟ್ಟಿತು, ರಿವೈಂಡಿಂಗ್ ಖರ್ಚು ಒಬ್ಬನ ತಲೆಗೆ ಬಂತು, ಇನ್ನೊಬ್ಬ ಫೋನ್ ಎತ್ತಲಿಲ್ಲ. ಅಣ್ಣನಿಗೆ ಬೇಕಿದ್ದದ್ದು ಬೋರಿನ ಒಡೆತನವಲ್ಲ, ಅದರ ಖರ್ಚಿಗೆ ಹೆಗಲು. ನಿಮಗೆ ಬೇಕಿದ್ದದ್ದೂ ಒಡೆತನವಲ್ಲ, ಬೇಸಿಗೆಯಲ್ಲಿ ಕಬ್ಬು ಒಣಗದಷ್ಟು ನೀರು. ಇದು ಹೊರಬಿದ್ದ ಮೇಲೆಯೇ ಲೆಕ್ಕ ಶುರುವಾಗುವುದು.

ಆ ಲೆಕ್ಕವನ್ನೂ ಹತ್ತಿರದಿಂದ ನೋಡೋಣ. ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ತಾಸು ಎಂದು ಹಿಡಿದರೆ ವಾರಕ್ಕೆ 49 ತಾಸು. ಹೊಲ ಒಟ್ಟು ಏಳೂವರೆ ಎಕರೆ, ಅದರಲ್ಲಿ ನಿಮ್ಮದು ಮೂರೂಕಾಲು. ನಿಮ್ಮ ಪಾಲಿಗೆ ವಾರಕ್ಕೆ 21 ತಾಸು ಮತ್ತು ಚಿಲ್ಲರೆ ಬರುತ್ತದೆ, ಅಂದರೆ ಹತ್ತಿರತ್ತಿರ ಮೂರು ದಿನದ ಪಾಳಿ. ಅಣ್ಣನಿಗೆ ನಾಲ್ಕು ದಿನ. ರಿಪೇರಿ ಖರ್ಚೂ ಅದೇ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿ. ನೋಡಲು ಸುಲಭ. ಆದರೆ ಇಷ್ಟನ್ನೇ ಬರೆದು ಸಹಿ ಮಾಡಿದ ಒಪ್ಪಂದಗಳು ಮೊದಲ ಬೇಸಿಗೆಯಲ್ಲೇ ಮುರಿಯುತ್ತವೆ, ಏಕೆಂದರೆ ನಿಮ್ಮ ಪಾಳಿಯ ದಿನವೇ ಟಿಸಿ ಸುಟ್ಟರೆ ಏನು ಮಾಡಬೇಕೆಂದು ಅದರಲ್ಲಿ ಇರುವುದಿಲ್ಲ. ಕಳೆದ ತಾಸು ಮುಂದಿನ ವಾರ ತುಂಬಿ ಕೊಡಬೇಕೋ ಇಲ್ಲವೋ? ಕರೆಂಟ್ ರಾತ್ರಿ ಬರುವ ವಾರ ಯಾರು ಸ್ಟಾರ್ಟರ್ ಒತ್ತಬೇಕು? ಪೆಟ್ಟಿಗೆಯ ಕೀಲಿ ಎಷ್ಟು, ಯಾರ ಬಳಿ? ಬೋರಿನ ನೀರು ಅರ್ಧ ಇಂಚಿಗೆ ಇಳಿದರೆ ತಾಸಿನ ಲೆಕ್ಕವೇ ಇರಬೇಕೋ ಬೇರೆಯೋ? "ಏಪ್ರಿಲ್‌ನಾಗ ಹಿಂಗಾದ್ರ ಏನ್ ಮಾಡ್ತೀರಿ?" ಎಂದು ಒಂದೊಂದೇ ಕೇಳಿ ನಿಮ್ಮಿಬ್ಬರ ಬಾಯಿಂದಲೇ ಉತ್ತರ ತೆಗೆಸುವುದು ಒಳ್ಳೆಯ ಫೆಸಿಲಿಟೇಟರ್‌ನ ಕೈಚಳಕ. ಇದನ್ನು ಯಾವ ಡಿಕ್ರಿಯೂ ಬರೆದುಕೊಡುವುದಿಲ್ಲ.

ದಾರಿಯದೂ ಹೀಗೆಯೇ. ಬದುವಿನ ಗುಂಟ ಹತ್ತು ಅಡಿ ಅಗಲ, 220 ಅಡಿ ಉದ್ದ ಎಂದರೆ 2,200 ಚದರ ಅಡಿ, ಹತ್ತಿರತ್ತಿರ ಎರಡು ಗುಂಟೆ. "ದಾರಿ ಬಿಡು" ಎಂದಾಗ ಅಣ್ಣನ ಕಣ್ಣಿಗೆ ಅರ್ಧ ಹೊಲ ಹೋದಂತೆ ಕಾಣುತ್ತದೆ, "ಎರಡು ಗುಂಟೆ" ಎಂದಾಗ ಎರಡೇ ಗುಂಟೆ. ಬದಲಿಗೆ ನಿಮ್ಮ ಕಡೆಯ ಬದುವಿನಲ್ಲಿ ಎರಡು ಗುಂಟೆ ಬಿಟ್ಟುಕೊಡುವ ಮಾತು ಆಗ ಏಳಬಹುದು. ಕಬ್ಬಿನ ಟ್ರಾಲಿ ತಿರುಗುವ ಮೂಲೆಯಲ್ಲಿ ಹತ್ತು ಅಡಿ ಸಾಲದು, ಅದನ್ನು ಕುರ್ಚಿಯಲ್ಲಿ ಕೂತು ನಿರ್ಧರಿಸದೆ ಹೊಲದಲ್ಲಿ ಹಗ್ಗ ಹಿಡಿದು ಅಳೆದು ಬನ್ನಿ. ಇನ್ನೊಂದು ಸೂಕ್ಷ್ಮವಿದೆ. ದಾವಾದಲ್ಲಿರುವ ಜಮೀನಿನ ಬಗ್ಗೆ ಆದ ರಾಜಿ ಡಿಕ್ರಿಗೆ ನೋಂದಣಿ ಬೇಡ. ಅದಲುಬದಲಿಗೆ ನೀವು ಕೊಡುವ ಎರಡು ಗುಂಟೆ ದಾವಾದ ಹೊರಗಿನ ಸರ್ವೆ ನಂಬರಿನದಾದರೆ ನೋಂದಣಿ ಬೇಕು. 1998ರ ಪತ್ರದ ತಪ್ಪನ್ನೇ ಮತ್ತೊಮ್ಮೆ ಮಾಡಬೇಡಿ.

ಫೆಸಿಲಿಟೇಟಿವ್ ಕೈಸೋಲುವ ಜಾಗವೂ ಇದೆ. ಇಬ್ಬರಿಗೂ ಕಾನೂನಿನ ನೆಲೆ ತಿಳಿಯದೆ ಇಬ್ಬರೂ ಖುಷಿಯಿಂದ ತಪ್ಪು ರಾಜಿಗೆ ಬಂದರೆ, ಬರೇ ಪ್ರಶ್ನೆ ಕೇಳುವವರು ಅದನ್ನೂ ದಾಟಿ ಹೋಗಲು ಬಿಟ್ಟಾರು. ನಿಮ್ಮಲ್ಲಿ ಅಂಥದ್ದು ಅಕ್ಕನ ವಿಷಯ. ಹೊಲ ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಮಗಳೂ ಮಗನಷ್ಟೇ ಪಾಲುದಾರಳು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಾಟ್ನಿಗೆ ಅದು ಕೈಹಚ್ಚುವುದಿಲ್ಲ. ನಿಮ್ಮದು ಅದಕ್ಕೂ ಮೊದಲಿನದು, ಆದರೆ ನೋಂದಣಿ ಆಗಿಲ್ಲ. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಯಿಮಾತಿನ ವಾಟ್ನಿಯನ್ನು ಹಾಗೇ ಒಪ್ಪಲು ಬರುವುದಿಲ್ಲ, ಸರ್ಕಾರಿ ದಾಖಲೆಗಳ ಬೆಂಬಲದಿಂದ ಗಟ್ಟಿಯಾಗಿ ಸಾಬೀತಾದ ಅಪರೂಪದ ಸಂದರ್ಭ ಬೇರೆ ಎಂದಿತು. ಆಗಿನಿಂದಲೇ ಬೇರೆಯಾದ ಉತಾರಗಳು ನಿಮ್ಮ ಕಡೆಯ ಬಲ, ನೋಂದಣಿಯಿಲ್ಲದ ಪತ್ರ ನಿಮ್ಮ ದೌರ್ಬಲ್ಯ. ಅಕ್ಕ ದಾವಾದಲ್ಲಿ ಇಲ್ಲದ ಕಾರಣ ನೀವಿಬ್ಬರು ಮಾಡಿಕೊಂಡ ರಾಜಿ ಆಕೆಯನ್ನು ಕಟ್ಟಿಹಾಕುವುದಿಲ್ಲ. ನಾಳೆ ಆಕೆಯೋ ಆಕೆಯ ಮಕ್ಕಳೋ ಪಾಲು ಕೇಳಿದರೆ ಪಾಳಿ, ದಾರಿ ಎಲ್ಲ ಮತ್ತೆ ಮೊದಲಿಗೆ ಬರುತ್ತದೆ.

ಇದು ತೂಗಿ ಹೇಳಬೇಕಾದ ವಿಷಯ. ಹೇಗೆ ಹೇಳಬೇಕೆಂಬುದಕ್ಕೂ ಕ್ರಮ ಇದೆ. ಪಾಳಿ, ದಾರಿ ಎರಡೂ ಬಾಯಿಮಾತಿನಲ್ಲಿ ಒಂದು ಹಂತಕ್ಕೆ ಬಂದ ಮೇಲೆ, ಇಬ್ಬರ ವಕೀಲರ ಎದುರು, ಇದೊಂದೇ ಪ್ರಶ್ನೆಗೆ. ಮಧ್ಯಸ್ಥಿಕೆಗಾರರು ತಾವಾಗಿ ಅಭಿಪ್ರಾಯ ಹೇಳಲು ಒಲ್ಲೆನೆಂದರೆ "ಅಕ್ಕ ಸಹಿ ಮಾಡದಿದ್ದರೆ ಈ ರಾಜಿಯ ಗತಿ ಏನು ಅಂತ ನಿಮ್ಮ ನಿಮ್ಮ ವಕೀಲರನ್ನು ಕೇಳಿಕೊಂಡು ಬನ್ನಿ" ಎಂದಾದರೂ ಹೇಳಬೇಕು. ರಾಜಿಯಾಗದಿದ್ದರೆ ಕೈಯಲ್ಲಿ ಉಳಿಯುವ ಒಳ್ಳೆಯ ದಾರಿ, ಕೆಟ್ಟ ದಾರಿ ಇವನ್ನು ಮಧ್ಯಸ್ಥಿಕೆಯವರು ಬಾಟ್ನಾ, ವಾಟ್ನಾ ಎನ್ನುತ್ತಾರೆ. ನಮ್ಮ ಕಡೆ ಕೆಟ್ಟ ವಾಟ್ನಾ ಬಹಳ ಸಲ ಕೆಟ್ಟ ವಾಟ್ನಿಯಿಂದಲೇ ಹುಟ್ಟುತ್ತದೆ.

ಇನ್ನು ಮೂರನೇ ಬಗೆ. ಇದನ್ನು ಕೌನ್ಸೆಲಿಂಗ್ ಎಂದುಕೊಂಡವರೇ ಹೆಚ್ಚು, ಅದು ತಪ್ಪು. ಇಲ್ಲಿ ಮಧ್ಯಸ್ಥಿಕೆಗಾರರು ಬುದ್ಧಿ ಹೇಳುವುದಿಲ್ಲ, ವಿಷಯಗಳ ಪಟ್ಟಿ ಹಾಕುವುದಿಲ್ಲ, ರಾಜಿಯ ಕಡೆ ಎಳೆಯುವುದೂ ಇಲ್ಲ. ಯಾರು ಮೊದಲು ಮಾತಾಡಬೇಕು, ಸಿಟ್ಟಿನ ಮಾತು ನಡೆಯುತ್ತದೋ ಇಲ್ಲವೋ ಎಂಬುದನ್ನೂ ನಿಮ್ಮನ್ನೇ ಕೇಳುತ್ತಾರೆ. ಒಬ್ಬರು ಆಡಿದ ಮಾತನ್ನು ಅದರ ಕಾವು ತಗ್ಗಿಸದೆ ಅವರಿಗೇ ಮರಳಿ ಹೇಳುತ್ತಾರೆ: "ಅಪ್ಪನ ದವಾಖಾನೆ ಖರ್ಚಿಗೆ ತಮ್ಮ ಬರಲಿಲ್ಲ, ಈಗ ನೀರಿಗೆ ಬಂದಾನ, ಅದು ನಿಮಗ ಚುಚ್ಚತೈತಿ." ಫೆಸಿಲಿಟೇಟಿವ್‌ನವರು ಇದೇ ಮಾತನ್ನು ಮೆತ್ತಗೆ ತಿರುವಿ "ಖರ್ಚಿನ ಹಂಚಿಕೆ ನಿಮಗೆ ಮುಖ್ಯ" ಎಂದುಬಿಡುತ್ತಾರೆ. ಎರಡರ ಅಂತರ ಈ ಒಂದು ವಾಕ್ಯದಲ್ಲಿದೆ. ಬುಷ್, ಫೋಲ್ಗರ್ ಕಾಯುವುದು ಎರಡು ತಿರುವುಗಳಿಗೆ. ಮಾತಾಡಲಾಗದೆ ಕೂತವರು ತಮಗೇನು ಬೇಕೆಂದು ಸ್ಪಷ್ಟವಾಗಿ ಹೇಳುವಷ್ಟು ಗಟ್ಟಿಯಾಗುವುದು ಒಂದು, ಎದುರಿನವರ ಕಣ್ಣಿಂದ ಒಮ್ಮೆ ನೋಡುವುದು ಇನ್ನೊಂದು. ರಾಜಿಯಾಗದಿದ್ದರೂ ಇವೆರಡು ಆದರೆ ಅವರ ಲೆಕ್ಕದಲ್ಲಿ ಅದು ಸೋಲಲ್ಲ.

ಅಮೆರಿಕದ ಅಂಚೆ ಇಲಾಖೆ ತನ್ನ ನೌಕರರು ಮೇಲಧಿಕಾರಿಗಳ ತಾರತಮ್ಯದ ಬಗ್ಗೆ ಕೊಟ್ಟ ದೂರುಗಳಿಗೆ ಈ ಬಗೆಯನ್ನೇ ಆರಿಸಿಕೊಂಡಿತು. ಕಾರಣ ಸರಳ: ದೂರು ಮುಗಿದ ಮರುದಿನವೂ ಇಬ್ಬರೂ ಅದೇ ಕಚೇರಿಗೆ ಬರಬೇಕು. ಒಂದೇ ಗೋಡೆಯ ನೆರೆಯವರು, ವಯಸ್ಸಾದ ತಾಯಿಯನ್ನು ಯಾರು ನೋಡಿಕೊಳ್ಳಬೇಕೆಂಬ ಮಕ್ಕಳು, ಒಂದೇ ಶಾಲೆಯ ಸಹೋದ್ಯೋಗಿಗಳು, ಪಾಲುದಾರಿಕೆ ಬಿಡಲೂ ಆಗದ ಇರಲೂ ಆಗದ ಅಂಗಡಿಯವರು ಇದಕ್ಕೆ ತಕ್ಕವರು. ಹೊಡೆತ, ಬೆದರಿಕೆ ಇರುವ ಕಡೆ ಇದು ಅಪಾಯ. ಹೆದರಿದವರು ಎದುರುಬದುರು ಕೂತು ಮನ ಬಿಚ್ಚುವುದಿಲ್ಲ, ಬಿಚ್ಚಿದರೆ ಮನೆಗೆ ಹೋದ ಮೇಲೆ ಅದಕ್ಕೆ ಬೆಲೆ ತೆರುತ್ತಾರೆ. ಕಾಲವೂ ಬೇಕು. ಕೋರ್ಟಿನ ಗಡುವಿನೊಳಗೆ, ಮುಂದಿನ ತಾರೀಕಿನ ನೆರಳಿನಲ್ಲಿ ಇದನ್ನು ಶುದ್ಧವಾಗಿ ನಡೆಸುವುದು ಆಗದ ಮಾತು. ಆದ್ದರಿಂದ ನಿಮ್ಮ ಕೇಂದ್ರದಲ್ಲಿ ಈ ಹೆಸರು ಹೇಳಿ ಕೇಳಬೇಡಿ. ಅದರ ಒಂದು ತುಣುಕು ಸಾಕು. ಪಾಳಿಯ ಲೆಕ್ಕಕ್ಕೆ ಮೊದಲು ವಕೀಲರು ಹೊರಗಿರಲಿ, ನೀವಿಬ್ಬರೇ ಅರ್ಧ ತಾಸು ಮಧ್ಯಸ್ಥಿಕೆಗಾರರ ಎದುರು ಕೂರಲು ಬಯಸುತ್ತೀರಿ ಎಂದು ಹೇಳಿ. ಬಹುಪಾಲು ಜನ ಒಪ್ಪುತ್ತಾರೆ.

ಯಾವ ಬಗೆ ತಪ್ಪಿ ನಡೆಯುತ್ತಿದೆ ಎಂದು ಕೂತಲ್ಲೇ ತಿಳಿಯಲು ಬರುತ್ತದೆ. ಮೂರನೇ ಬೈಠಕ್ಕಿನಲ್ಲೂ ಇಬ್ಬರೂ ಮೊದಲ ದಿನದ ವಾಕ್ಯವನ್ನೇ ಹೇಳುತ್ತಿದ್ದರೆ ಪ್ರಶ್ನೆಗಳು ಸಾಕಾಗಿವೆ, ಯಾರಾದರೂ ತೂಗಿ ಹೇಳಬೇಕು. ನೀವು ಅಣ್ಣನ ಕಡೆ ತಿರುಗದೆ ಮಧ್ಯಸ್ಥಿಕೆಗಾರರಿಗೇ ವಾದ ಮಂಡಿಸುತ್ತಿದ್ದರೆ ತೂಗುವುದು ಬೇಗ ಶುರುವಾಗಿದೆ. ಅಂಕಿ ಒಪ್ಪಿಗೆಯಾಗಿಯೂ ಸಹಿಗೆ ಪೆನ್ನು ಏಳದಿದ್ದರೆ ತೊಡಕು ಅಂಕಿಯಲ್ಲಿಲ್ಲ, ಅದಕ್ಕೆ ಮೇಲೆ ಹೇಳಿದ ಅರ್ಧ ತಾಸು ಬೇಕು.

ಮುಂದಿನ ತಾರೀಕಿಗೆ ಹೋದಾಗ ಮಧ್ಯಸ್ಥಿಕೆಗಾರರನ್ನು ನೇರವಾಗಿ ಕೇಳಿ: ತಾವು ಅಭಿಪ್ರಾಯ ಹೇಳುವಿರೋ, ಯಾವಾಗ, ಇಬ್ಬರಿಗೂ ಒಟ್ಟಿಗೋ ಬೇರೆ ಬೇರೆಯೋ? ಕೇಳುವುದು ಅಪಮರ್ಯಾದೆಯಲ್ಲ. ಅಲ್ಲಿ ಆಡಿದ ಮಾತನ್ನು ಅವರು ಕೋರ್ಟಿಗೆ ಒಯ್ಯುವಂತಿಲ್ಲ, ರಾಜಿಯಾಯಿತೋ ಇಲ್ಲವೋ ಎಂದಷ್ಟೇ ವರದಿ ಹೋಗುತ್ತದೆ, ಅಂಜದೆ ಮಾತಾಡಿ. 1998ರ ಪತ್ರ, ಆಗಿನಿಂದ ಈವರೆಗಿನ ಉತಾರಗಳು, ಮೋಟಾರು ರಿಪೇರಿಯ ಚೀಟಿಗಳು ಜೊತೆಗಿರಲಿ. ಅದಕ್ಕೂ ಮೊದಲು ಅಥಣಿಗೆ ಒಮ್ಮೆ ಹೋಗಿ ಬನ್ನಿ. ಸಹಿ ಕೇಳಲು ಅಲ್ಲ, ಬೈಠಕ್ಕಿಗೆ ಕರೆಯಲು. ಸಾಧ್ಯವಾದರೆ ಅಣ್ಣನೂ ನೀವೂ ಒಂದೇ ಗಾಡಿಯಲ್ಲಿ ಹೋಗಿ. ಒಬ್ಬರೇ ಹೋದರೆ ಅಕ್ಕನನ್ನು ತನ್ನ ಕಡೆ ಎಳೆದುಕೊಂಡರೆಂದು ಇನ್ನೊಬ್ಬರು ಬೈಠಕ್ಕಿಗೆ ಬರುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತಾರೆ.